ಸಿಸ್ಟರ್‌ಗೆ ಬರೆದ ನಾಲ್ಕು ಸಾಲು

ಇವತ್ತು ಹೋರಾಟದ ಪೋಸ್ಟ್ ಅಲ್ಲ, ಒಂದು ಪದ ಹುಡುಕಿದ ಕಥೆ.

ನಮ್ಮ ಎದುರು ಮನೆ ಸಿಸ್ಟರ್ ಭಾನುವಾರ ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಮಗಳ ಹತ್ರ ಹೋದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು, ಹಾಗಾಗಿ ಇಡೀ ಬೀದಿಗೆ ಸಿಸ್ಟರ್. ಎಲ್ಲರೂ ಸೇರಿ ಒಂದು ಫೋಟೊ ಫ್ರೇಮ್ ಕೊಡೋದು, ಕೆಳಗೆ ನಾಲ್ಕು ಸಾಲು ಹಾಕಿಸೋದು ಅಂತ ಆಯ್ತು. ಬರೆಯೋ ಕೆಲಸ ನನಗೆ ಬಂತು. ಆಫೀಸಲ್ಲಿ ಯಾರೇ ನಿವೃತ್ತರಾಗಲಿ, ಬಿನ್ನವತ್ತಳೆ ಬರೆಯೋನು ನಾನೇ.

ಹತ್ತು ನಿಮಿಷದ ಕೆಲಸ ಅಂದ್ಕೊಂಡು ಕೂತೆ. ‘ದಯಾಮಯಿಯೂ ಉದಾರಿಯೂ ಸೌಜನ್ಯಮೂರ್ತಿಯೂ ಆದ ತಾವು’ ಅಂತ ಪೆನ್ನು ತಾನೇ ಓಡಿತು. ಕಾಲೇಜಿಗೆ ಹೋಗೋ ಮಗಳು ಇಣುಕಿ ನೋಡಿ, ‘ಕೈಂಡ್, ಜೆನರಸ್, ಗ್ರೇಶಿಯಸ್. ಮೂರೂ ಒಂದೇ ತಾನೇ ಅಪ್ಪಾ?’ ಅಂದಳು. ಅಲ್ಲಿಗೆ ಪೆನ್ನು ನಿಂತಿತು.

ದಯೆ ಅನ್ನೋ ಪದ ನನ್ನ ಟೇಬಲ್ ಮೇಲೆ ದಿನಾ ಬೀಳುತ್ತೆ. ‘ತಾವು ದಯಮಾಡಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.’ ಪಿಂಚಣಿ ಅವನ ಹಕ್ಕು, ಆದರೂ ಅರ್ಜಿಯಲ್ಲಿ ಕೈ ಮುಗಿದೇ ಕೇಳ್ತಾನೆ. ಕೃಪೆ, ಕನಿಕರ, ಮರುಕ ಎಲ್ಲವೂ ಇದೇ ಜಾತಿಯ ಪದಗಳು, ಮೇಲಿಂದ ಕೆಳಕ್ಕೆ ಇಳಿಯುವಂಥವು. ಬೊಗಸೆಗೆ ಎತ್ತರದಿಂದ ಸುರಿಯೋ ನೀರಿನ ಹಾಗೆ. ಆ ನೀರು ಕುಡಿದವರ ಮಗ ನಾನು. ದಯಾಮಯಿ ಹೊಡೆದು ಹಾಕಿದೆ.

ಉದಾರಿ? ಉದಾರಿ ಅನ್ನಿಸಿಕೊಳ್ಳೋಕೆ ಒಬ್ಬರು ಕೊಡ್ತಾನೇ ಇರಬೇಕು, ಇನ್ನೊಬ್ಬರು ಇಸ್ಕೊಳ್ತಾನೇ ಇರಬೇಕು. ನಮ್ಮ ಬೀದಿಯಲ್ಲಿ ಅಂಥವರು ಇದ್ದಾರೆ. ಹಬ್ಬದ ದಿನ ಒಬ್ಬಟ್ಟು ತಂದು ಕೊಡ್ತಾರೆ, ಪೇಪರ್ ತಟ್ಟೆಯಲ್ಲಿ. ತಟ್ಟೆ ವಾಪಸ್ ಹೋಗಬಾರದು ನೋಡಿ. ಧಾರಾಳವಾಗೇ ಕೊಡ್ತಾರೆ, ಸುಳ್ಳು ಹೇಳಬಾರದು. ಆದರೆ ನಮ್ಮನೆಯಿಂದ ಒಂದೆಸಳು ಕರಿಬೇವು ಕೂಡ ಇಸ್ಕೊಂಡವರಲ್ಲ. ಸಿಸ್ಟರ್ ಲೆಕ್ಕವೇ ಬೇರೆ. ನಮ್ಮವ್ವ ಊರಿಂದ ಬಂದಾಗೆಲ್ಲ ಬಸ್ಸಾರಿನ ಘಮಕ್ಕೆ, ‘ಅವ್ವ, ನಂಗೂ ಸ್ವಲ್ಪ’ ಅಂತ ಸ್ಟೀಲ್ ಡಬ್ಬಿ ಇಸ್ಕೊಂಡು ಹೋಗೋರು. ಡಬ್ಬಿ ಖಾಲಿ ವಾಪಸ್ ಬರ್ತಿರಲಿಲ್ಲ. ಉಪ್ಪಿನಕಾಯಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಇದರಲ್ಲಿ ಉದಾರಿ ಯಾರು, ಹೇಳಿ? ನಮ್ಮವ್ವನಾ, ಅವರಾ?

ಸೌಜನ್ಯದ ಕಥೆ ಇನ್ನೊಂದು. ಅವ್ವ ಮೊದಲ ಸಲ ಬಂದಾಗ ಅಭ್ಯಾಸಬಲದಿಂದ ಮನೆ ಓನರ್ ಹೊಸಿಲಾಚೆ ನಿಂತಳು. ಓನರಮ್ಮ ಬೀದಿಗೆಲ್ಲ ಕೇಳೋ ಹಾಗೆ, ‘ಒಳಗೆ ಬನ್ನೀಮ್ಮ, ನಮ್ಮಲ್ಲಿ ಅದೆಲ್ಲ ಇಲ್ಲ!’ ಅಂದರು. ಮಾತು ಸೌಜನ್ಯದ್ದೇ. ಆದರೆ ಅಲ್ಲೀವರೆಗೆ ಗೊತ್ತಿಲ್ಲದವರಿಗೂ ನಮ್ಮ ಜಾತಿ ಗೊತ್ತಾಯ್ತು. ಅವ್ವ ಒಳಗೆ ಹೋದಳು, ಬೆವರಿಕೊಂಡು ಬಂದಳು.

ಅದೇ ಸಂಜೆ ಅವ್ವ ಸಿಸ್ಟರ್ ಮನೆ ಮೆಟ್ಟಿಲ ಮೇಲೆ ಕೂತಿದ್ದಳು. ಸಿಸ್ಟರ್ ಏನೂ ಹೇಳಲಿಲ್ಲ. ಅವರೆಕಾಯಿ ಮೊರ ತಂದು ಪಕ್ಕದಲ್ಲೇ ಕೂತು ಸುಲಿಯೋಕೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅವ್ವನ ಕೈಯೂ ಮೊರದಲ್ಲಿತ್ತು. ಮಾರನೇ ದಿನ ಅವ್ವ ತಾನಾಗೇ ಅವರ ಅಡುಗೆಮನೇಲಿ ಇದ್ದಳು.

ಇಂಗ್ಲಿಷಲ್ಲಿ ಇದಕ್ಕೆ ಕನ್ಸಿಡರೇಟ್ ಅಂತಾರಂತೆ, ಮಗಳು ಹೇಳಿದಳು. ಒಂದೇ ಪದದ ಕನ್ನಡ ನನಗೆ ಸಿಗಲಿಲ್ಲ. ಅನುಕಂಪ ಅಲ್ಲ. ದಾಕ್ಷಿಣ್ಯ ಅಂತೂ ಅಲ್ಲವೇ ಅಲ್ಲ, ಅದರಲ್ಲಿ ಮುಲಾಜಿನ ವಾಸನೆ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಕರುಣೆಯೊಂದೇ ಸಾಲದು, ಮೈತ್ರಿ ಬೇಕು ಅಂತಾರೆ. ಕರುಣೆ ಮನುಷ್ಯರ ಮಟ್ಟಿಗೆ, ಮೈತ್ರಿ ಎಲ್ಲ ಜೀವಿಗಳಿಗೂ ಅನ್ನೋದು ಅಲ್ಲಿನ ವಿವರಣೆ. ನನಗೆ ಹೊಳೆದದ್ದು ಇನ್ನೊಂದು: ಮೈತ್ರಿಗೆ ಪಕ್ಕದಲ್ಲಿ ಕೂರಬೇಕು, ಮೇಲೆ ನಿಂತು ಆಗಲ್ಲ. ಆದರೆ ಫ್ರೇಮಿನಲ್ಲಿ ‘ಮೈತ್ರಿ’ ಅಂತ ಹಾಕಿದರೆ ಅದು ನನ್ನ ಭಾಷಣ ಆಗೋದು, ಸಿಸ್ಟರ್ ಮಾತಾಗ್ತಿರಲಿಲ್ಲ.

ಕೊನೆಗೆ ವಿಶೇಷಣ ಎಲ್ಲ ಕಿತ್ತು ಹೀಗೆ ಬರೆದೆ:

‘ಸಿಸ್ಟರ್, ನಮ್ಮ ಮನಸ್ಸು ಅರಿತು ನಡೆದಿರಿ.
ಕೇಳದೇ ಬಂದಿರಿ, ಹೇಳದೇ ಪಕ್ಕದಲ್ಲಿ ಕೂತಿರಿ.
ನಮ್ಮ ಮನೆಗಳ ಊಟ ಉಂಡಿರಿ, ನಿಮ್ಮದು ಉಣಿಸಿದಿರಿ.
ಈ ಬೀದಿಯಲ್ಲಿ ನಿಮ್ಮ ಮೆಟ್ಟಿಲು ನೆನಪಿರುತ್ತೆ.’

ಓನರಮ್ಮ ಓದಿ, ‘ದಯಾಮಯಿ ಅಂತ ಹಾಕ್ಲಿಲ್ವಾ?’ ಅಂದರು. ಜಾಗ ಸಾಲಲಿಲ್ಲ ಮೇಡಂ ಅಂದೆ. ಸುಳ್ಳು, ಇರಲಿ.

ಸಿಸ್ಟರ್ ಫ್ರೇಮ್ ಇಸ್ಕೊಂಡು ಎರಡು ಸಲ ಓದಿದರು. ಆಟೊ ಹತ್ತೋ ಮುಂಚೆ ನನ್ನ ಕರೆದು ಹೇಳಿದರು: ‘ಅವ್ವಂಗೆ ಹೇಳಪ್ಪ, ಒಂದು ಡಬ್ಬಿ ನನ್ನ ಹತ್ರಾನೇ ಉಳಕೊಂಡಿದೆ. ಖಾಲಿ ಕೊಡೋಕೆ ಮನಸ್ಸು ಬರಲಿಲ್ಲ, ತಗೊಂಡು ಹೋಗ್ತಿದೀನಿ.’