ನಡುರಾತ್ರಿಯ ವಿಮಾನ

ಕಲಬುರಗಿಯ ನೆರೆಯ ನಮ್ಮ ನಂದೂರಿನಲ್ಲಿ ಎಳ್ಳ ಅಮಾವಾಸ್ಯೆಯೆಂದರೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ ಭಜ್ಜಿಗಳನ್ನು ಉಣ್ಣುವ ದಿನ. ದುಬೈಯಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನು ಆ ಊಟಕ್ಕೆಂದೇ ರಜೆ ಪಡೆದು ಬಂದಿದ್ದನು. ಹಬ್ಬವು ಶುಕ್ರವಾರ, 19ನೆಯ ತಾರೀಖು. ಅಂದು ಹೊಲದಲ್ಲಿ ಉಂಡು, ರಾತ್ರಿ ಹೈದರಾಬಾದಿನಿಂದ ವಿಮಾನವೇರಬೇಕೆಂಬುದು ಅವನ ಎಣಿಕೆ. ಟಿಕೇಟಿನಲ್ಲಿಯೂ 19, 00:45 ಎಂದೇ ಇದ್ದಿತು.

ಗುರುವಾರ ಸಂಜೆ 6 ಗಂಟೆಗೆ ಅತ್ತಿಗೆಯವರು ರೊಟ್ಟಿ ಬಡಿಯುತ್ತಿದ್ದಾಗ ನಾವು ಸುಮ್ಮನೆ ಆ ಟಿಕೇಟನ್ನು ಓದಿದೆವು. ಎದೆ ಝಲ್ಲೆಂದಿತು. ವಿಮಾನವು ನಾಳಿನ ರಾತ್ರಿಯದಲ್ಲ, ಇಂದಿನ ರಾತ್ರಿಯದು!

ಹುಡುಗನನ್ನು ದಡ್ಡನೆನ್ನಲಾರೆವು. ನಮ್ಮ ಪಂಚಾಂಗದಲ್ಲಿ ವಾರವು ಸೂರ್ಯೋದಯದಿಂದ ಸೂರ್ಯೋದಯದ ವರೆಗೆ. ಶುಕ್ರವಾರದ ನಡುರಾತ್ರಿ ಕಳೆದರೂ ನಮಗೆ ಅದು ಶುಕ್ರವಾರದ ರಾತ್ರಿಯೇ. ವಿಮಾನದವರಿಗೆ ಮಾತ್ರ ರಾತ್ರಿ 12ಕ್ಕೆ ತಾರೀಖು ಹೊರಳುತ್ತದೆ. ಆದುದರಿಂದ 19ರ 00:45 ಎಂದರೆ ಆ ತಾರೀಖು ಹುಟ್ಟಿ ಮುಕ್ಕಾಲು ತಾಸಾದ ಹೊತ್ತು. ಅವನು ಕೊಳ್ಳಬೇಕಾಗಿದ್ದುದು 20ನೆಯ ತಾರೀಖಿನ ಟಿಕೇಟು. ರಾತ್ರಿ 11:30ಕ್ಕೆ ಹೊರಡುವ ವಿಮಾನವಾಗಿದ್ದರೆ, ತಲಪುವ ವೇಳೆಯ ಪಕ್ಕದಲ್ಲಿ +1 ಎಂಬ ಗುರುತು ಕಂಡು ಮನಸ್ಸು ಎಚ್ಚರಗೊಳ್ಳುತ್ತಿತ್ತು. ಇದಾದರೋ ಸುಮಾರು ನಾಲ್ಕು ತಾಸು ಹಾರಿ, ನಮಗಿಂತ ಒಂದೂವರೆ ತಾಸು ಹಿಂದಿರುವ ದುಬೈಯಲ್ಲಿ ಅದೇ 19ರಂದು ಮೂರರ ಸುಮಾರಿಗೆ ಇಳಿಯತಕ್ಕದ್ದು. ಎಚ್ಚರಿಸುವ ಗುರುತೇ ಇಲ್ಲ!

ಇಂಥ ಟಿಕೇಟನ್ನು ಕೊಳ್ಳುವ ಮುನ್ನ ಮನೆಯಿಂದ ಹೊರಡುವ ಹೊತ್ತನ್ನು ಹಿಂದುಹಿಂದಾಗಿ ಎಣಿಸುವುದು ಒಳ್ಳೆಯದು. ಪರದೇಶದ ಪಯಣಕ್ಕೆ ಮೂರು ತಾಸು ಮುಂಚೆ, ಅಂದರೆ 18ರ ರಾತ್ರಿ 9:45ಕ್ಕೆ ನಿಲ್ದಾಣದಲ್ಲಿರಬೇಕು. ದಾರಿ ಐದು ತಾಸಿನದು. ಹಾಗಾದರೆ ಮನೆ ಬಿಡುವುದು 18ರ ಸಂಜೆ 4:45ಕ್ಕೆ. ಇಷ್ಟು ಬರೆದು ನೋಡಿದ್ದರೆ ಹಬ್ಬದ ಮುಂಚಿನ ದಿನವೇ ಹೊರಡಬೇಕಾದೀತೆಂಬುದು ಕಣ್ಣಿಗೆ ಬೀಳುತ್ತಿತ್ತು.

ವಿಮಾನ ಹೊರಡುವ ಮುನ್ನವೇ ತಾರೀಖು ಬದಲಿಸಲು ಅವಕಾಶವುಂಟೆಂದು ವಿಚಾರಿಸಿದೆವು. ಆದರೆ ಮರುದಿನದ ದರದೊಡನೆ ವ್ಯತ್ಯಾಸವನ್ನು ಕೂಡಿಸಲು ಅದು ಹುಡುಗನ ಕೈಗೆಟುಕದ ಮೊತ್ತವಾಯಿತು. ಹತ್ತದೆ ಉಳಿದರೆ ಆ ಟಿಕೇಟಿನ ಹಣವೂ ಹೋಗುವುದು. ಶಂಶಾಬಾದಿನಲ್ಲಿ ಸಾಮಾನು ಒಪ್ಪಿಸುವ ಕಟಕಟೆಯು ಹೊರಡುವುದಕ್ಕೆ ಒಂದು ತಾಸು ಮೊದಲು, 11:45ಕ್ಕೆ ಮುಚ್ಚುವುದು. ಅತ್ತಿಗೆಯವರು ಮಾತಾಡಲಿಲ್ಲ, ಬೇಯಿಸಿದ್ದಷ್ಟು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿದರು. 6:20ಕ್ಕೆ ಮೋಟಾರು ಹೊರಟಿತು.

ಸೇಡಂ ದಾರಿಯ ಎರಡೂ ಬದಿಗೆ ತೊಗರಿಯ ಹೊಲಗಳು ಕತ್ತಲಲ್ಲಿ ಕರಗಿದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ಸೇತುವೆಯನ್ನು ದಾಟಿದೆವು. ಬೇರೆ ಸಲವಾಗಿದ್ದರೆ ಕೋಟೆಯನ್ನು ನೋಡೆಂದು ಹುಡುಗನಿಗೆ ತೋರಿಸುತ್ತಿದ್ದೆವು. ಅಂದು ಗಡಿಯಾರವನ್ನಲ್ಲದೆ ಬೇರೇನನ್ನೂ ಯಾರೂ ನೋಡಲಿಲ್ಲ. ಕೊಡಂಗಲ್, ಪರಿಗಿ ಹಿಂದಾದವು. ಶಂಶಾಬಾದನ್ನು ಸೇರಿದಾಗ 11:25.

ಬೆಳಗಾಗುವ ಮೊದಲೇ ದುಬೈಯಲ್ಲಿ ಇಳಿದ ಸುದ್ದಿ ಬಂದಿತು. ನಾವು ನಿದ್ದೆಗಣ್ಣಿನಲ್ಲಿಯೇ ಊರಿಗೆ ಮರಳಿ, ಮಧ್ಯಾಹ್ನ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತೆವು. ಅವನ ರಜೆ ಮುಗಿಯಲು ಇನ್ನೂ ಒಂದು ದಿನವಿತ್ತು.