ತಟ್ಟೆಯೋ ಕಟ್ಟೆಯೋ

ಡೊಂಬಿವಲಿಯ ನಮ್ಮ ಮನೆಗಳಲ್ಲಿ ಕನ್ನಡ ಚಿತ್ರ ನೋಡಲು ಬಿಡುವಾಗುವುದು ರಾತ್ರಿ 10ರ ಮೇಲೆ. ಪಿಸುಮಾತು ಕೇಳಲೆಂದು ಧ್ವನಿ ಏರಿಸಿದರೆ, ಮರುಗಳಿಗೆಯ ಹೊಡೆದಾಟಕ್ಕೆ ನೆರೆಮನೆ ಎಚ್ಚರಗೊಳ್ಳುತ್ತದೆ. ತೆಳು ಟಿವಿಯ ಪುಟ್ಟ ಸ್ಪೀಕರುಗಳು ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತವೆ. ವ್ಯಂಜನಗಳ ಸೂಕ್ಷ್ಮ ಸದ್ದು ನೇರವಾಗಿ ನಮ್ಮನ್ನು ಮುಟ್ಟದೆ ಮಸುಕಾಗುತ್ತದೆ. ಊರಿನವರು ಅದನ್ನು ಸಂದರ್ಭದಿಂದ ತುಂಬಿಕೊಂಡಾರು. ಮನೆಯಾಚೆ ಕನ್ನಡವನ್ನೇ ಕೇಳದ ನಮ್ಮ ಮಕ್ಕಳಿಗೆ ತಟ್ಟೆ, ಕಟ್ಟೆ ಎರಡೂ ಒಂದೇ.

ನೈಟ್ ಮೋಡ್ ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. ಡೈನಾಮಿಕ್ ರೇಂಜ್ ಕಿರಿದಾಗುವುದೆಂದರೆ ಇದೇ. ಆದರೆ ಮಾತಿನೊಡನೆಯೇ ಸಂಗೀತ ಮೊಳಗುತ್ತಿದ್ದರೆ ಅದು ಎರಡನ್ನೂ ಬೇರ್ಪಡಿಸಲಾರದು. ಆಗ ಈಕ್ವಲೈಸರಿನಲ್ಲಿ 100 ಹರ್ಟ್ಸ್ ಪಟ್ಟಿಯನ್ನು ನಾಲ್ಕು ಮೆಟ್ಟಿಲು ಇಳಿಸಿ, 3 ಕಿಲೋಹರ್ಟ್ಸನ್ನು ಎರಡು ಮೆಟ್ಟಿಲು ಏರಿಸುತ್ತೇವೆ. ಸಕಾರ ಕಿವಿಗೆ ಚುಚ್ಚತೊಡಗಿದರೆ ಒಂದು ಮೆಟ್ಟಿಲು ಹಿಂದೆ ಸರಿಯುತ್ತೇವೆ.