ಮೂರು ಅಳತಿ ಸಾಸಿವಿ

ಡಿಸೆಂಬರ್ 22ಕ್ಕ ನಮ್ಮ ಓಣಿಯ ಸಾಲ್ಯಾಗ ಪಾಲಕರ ದಿನ ಇಟ್ಟಾರ. ಅವತ್ತು ಗಣಿತಜ್ಞ ರಾಮಾನುಜನ್ ಹುಟ್ಟಿದ ದಿನ (1887), ಅದಕ್ಕ ಈ ಸಲ ಗಣಿತದ ಪ್ರದರ್ಶನ ಮಾಡೂದಂತ ಟೀಚರ್ ಹೇಳಿದ್ರು. ಅವರ ಮನಿ ನಮ್ಮ ಹಿತ್ತಲಿಗೆ ಹತ್ತಿ. ಸಂಜಿಮುಂದ ಚಹಾಕ್ಕ ಬಂದಾಗ, "ವೈನಿ, ನೀವು ಪಿಯುಸಿಯೊಳಗ ಗಣಿತ ಓದೀರಿ, ಜರಾ ಕೂತು ಯೋಚನಿ ಮಾಡೂಣ್ರಿ" ಅಂದ್ರು. ನಾ ಓದಿ ಮೂವತ್ತೈದು ವರ್ಷ ಆತು. ಆದ್ರ ಅಳತಿ ಮರತಿಲ್ಲ, ದಿನಾ ಅಡಗಿಮನ್ಯಾಗ ಅದನ್ನ ಮಾಡತೇವಲ್ಲ.

ಹೋದ ವರ್ಷದ ಪ್ರದರ್ಶನ ನೀವೂ ನೋಡೀರಿ. ಥರ್ಮಾಕೋಲಿನ ಮ್ಯಾಲೆ ಬಣ್ಣದ ದೀಪ, ನಡುವ ಮೋಟಾರ ಹಚ್ಚಿ ಗಿರಗಿರ ತಿರಗೋ ಒಂದು ಚಕ್ರ. ವರ್ಕಿಂಗ್ ಮಾಡಲ್ ಅಂತ ಹೆಸರು, ಆದ್ರ ಅದು ತಿರಗಿದ್ರಾಗ ಗಣಿತ ಎಲ್ಲೂ ಇದ್ದಿಲ್ಲ. ಹುಡುಗ್ರು ಇಂಗ್ಲೀಷಿನ್ಯಾಗ ಬಾಯಿಪಾಠ ಒಪ್ಪಿಸ್ತಿದ್ರು, ನಾವು ತಲಿ ಹಾಕಿ ಮುಂದಿನ ಟೇಬಲ್ಲಿಗೆ ಹೋಗ್ತಿದ್ವಿ. ರೊಟ್ಟಿ ಮಾಡಿ ಮಾರೋ ನಮ್ಮ ಓಣಿ ಅಕ್ಕ ಮಾತ್ರ ಗೇಟಿನ ಹೊರಗ ನಿಂತಿದ್ಲು. ಒಳಗ ಯಾಕ ಬರಲಿಲ್ಲ ಅಂತ ಕೇಳಿದ್ರ, "ಮಗಳು ಬ್ಯಾಡ ಅಂದಾಳ್ರಿ" ಅಂತ ಸೀರಿ ಸೆರಗು ಸರಿ ಮಾಡಿಕೊಂಡ್ಲು. ಆ ಹುಡುಗಿ ಈಗ ಒಂಬತ್ತನೇತ್ತ. ಲೆಕ್ಕದಾಗ ವರ್ಗದಾಗ ಎಲ್ಲಾರಕಿಂತ ಮುಂದ ಅಂತ ಟೀಚರ್ ಹೇಳತಾರ. ಹತ್ತನೇತ್ತ ಮುಗದ ಮ್ಯಾಲೆ ಸಾಕು ಅಂತ ಅಪ್ಪ ಹೇಳತಾನ.

ಅದಕ್ಕ ನಾವಿಬ್ಬರೂ ಒಂದು ನಿಯಮ ಹಾಕಿಕೊಂಡ್ವಿ. ಹುಡುಗ್ರು ಮಾತಾಡೂದಕಿಂತ ಮೊದಲ ಪಾಲಕರ ಕೈ ಕೆಲಸ ಮಾಡಬೇಕು. ಕೈ ಹಚ್ಚಲಾರದ ಮಾದರಿ ಟೇಬಲ್ ಮ್ಯಾಲೆ ಬ್ಯಾಡ. ಹದಿನೈದು ಮಾದರಿಯ ಯಾದಿ ಇತ್ತು, ಉಳದದ್ದು ಮೂರು. ಅದರಾಗ ಮುಖ್ಯದ್ದು ಸಾಸಿವಿ ಅಳಿಯೂದು.

ಅದು ಹಿಂಗ ಅದ. ರಟ್ಟಿನ ಒಂದು ದುಂಡನ ಡಬ್ಬಿ, ಅಷ್ಟ ಅಗಲ ಬಾಯಿ, ಅಷ್ಟ ಎತ್ತರದ್ದು ಒಂದು ಶಂಕು. ಶಂಕು ಅಂದ್ರ ಶೇಂಗಾ ಕಟ್ಟಿ ಕೊಡತಾರಲ್ಲ, ಆ ಕಾಗದದ ಸುರುಳಿ ಪೊಟ್ಟಣದ ಆಕಾರ. ಈ ಶಂಕುವಿನಿಂದ ಎಷ್ಟು ಸಲ ಅಳದು ಹಾಕಿದ್ರ ಡಬ್ಬಿ ತುಂಬತದ? ಬಂದ ಪಾಲಕರು ಮೊದಲು ಒಂದು ಅವರಿಕಾಳು ತೊಗೊಂಡು "ಎರಡು", "ಮೂರು", "ನಾಕು" ಅಂತ ಚೀಟಿ ಹಚ್ಚಿದ ವಾಟಗಾದಾಗ ಯಾವುದರಾಗರ ಹಾಕಬೇಕು. ಆಮ್ಯಾಲೆ ಅಳೀಬೇಕು. ಉತ್ತರ ಮೂರು. ನಾ ನಮ್ಮ ಮನಿಯಾಗ ಬಂದು ಹೋಗೋರಿಗೆಲ್ಲಾ ಕೇಳಿ ನೋಡೀನಿ, ಹೆಚ್ಚಿನವರು ಎರಡು ಅಂದ್ರು. ಅದು ಸಹಜನೂ ಅದ. ಪಕ್ಕದಿಂದ ನೋಡಿದ್ರ ಡಬ್ಬಿ ಚೌಕ ಕಾಣತದ, ಶಂಕು ತ್ರಿಕೋನ ಕಾಣತದ, ತ್ರಿಕೋನ ಆ ಚೌಕದ ಬರೋಬ್ಬರಿ ಅರ್ಧ.

ಮಾಡೂ ಅಳತಿ ಬರದುಕೊಳ್ರಿ. ಡಬ್ಬಿ ಅಗಲ 10 ಸೆಂ.ಮೀ., ಎತ್ತರ 12. ಅದಕ್ಕ 31.4 ಸೆಂ.ಮೀ. ಉದ್ದ, 12 ಎತ್ತರದ ರಟ್ಟಿನ ಪಟ್ಟಿ ಬೇಕು. ಅಂಟಿಸಾಕ ಒಂದು ಸೆಂ.ಮೀ. ಜಾಸ್ತಿ ಬಿಡ್ರಿ. ಶಂಕುವಿಗೆ ಮಾತ್ರ ಕೈವಾರದಾಗ 12 ಹಿಡೀಬ್ಯಾಡ್ರಿ, 13 ಹಿಡೀರಿ. ಯಾಕಂದ್ರ ಶಂಕುವಿನ ಮೈ ಓರೆ ಇರತದ. ಒಳಗಿನ ನೆಟ್ಟನ ಎತ್ತರ 12, ಬಾಯಿಯ ಅರ್ಧ ಅಗಲ 5 ಇದ್ದರ ಓರೆ 13 ಆಗತದ. ಐದೈದ್ಲೆ ಇಪ್ಪತ್ತೈದು, ಹನ್ನೆರಡು ಹನ್ನೆರಡ್ಲೆ ನೂರಾ ನಲವತ್ನಾಕು, ಕೂಡಿದ್ರ 169, ಅದು 13ರ ವರ್ಗ. 13 ಸೆಂ.ಮೀ. ತ್ರಿಜ್ಯದ ವೃತ್ತ ಬರದು ಅದರಾಗ ಒಂದು ತುಂಡು ಕತ್ತರಸಬೇಕು. ಪುಸ್ತಕದ ಲೆಕ್ಕಕ್ಕ ಅದು ಸುಮಾರು 138 ಡಿಗ್ರಿ ಕೋನ. ನಾ ಕೋನಮಾಪಕ ಹುಡುಕಲಿಕ್ಕೆ ಹೋಗಲಿಲ್ಲ. ಹೊಲಿಗಿ ಟೇಪ್ ವೃತ್ತದ ಅಂಚಿಗುಂಟ ಇಟ್ಟು 31.4ಕ್ಕ ಗುರ್ತು ಮಾಡಿದೆ. ಡಬ್ಬಿ ಸುತ್ತಳತಿನೂ ಅಷ್ಟ, ಶಂಕುವಿನ ಬಾಯಿ ಸುತ್ತಳತಿನೂ ಅಷ್ಟ ಇರಬೇಕಲ್ಲ. ಅಂಬ್ರೆಲ್ಲಾ ಫ್ರಾಕ್ ಕತ್ತರಿಸಿ ರೂಢಿ ಇದ್ದವರಿಗೆ ಇದು ಹೊಸಾದಲ್ಲ. ಇಲ್ಲೂ ಅಂಟಿಸಾಕ ಒಂದು ಸೆಂ.ಮೀ. ಬಿಡ್ರಿ.

ಟೀಚರ್ ವರ್ಗದ ಒಬ್ಬ ಹುಡುಗ ಮೊದಲ ಸಲ ಮಾಡಿದ ಶಂಕುವಿನಿಂದ ಮೂರು ಸಲ ಹಾಕಿದ ಮ್ಯಾಲೂ ಡಬ್ಬಿ ಬಾಯಿಗೆ ಒಂದು ಸಣ್ಣ ಬೆರಳಷ್ಟು ಖಾಲಿ ಉಳೀತು. "ಪುಸ್ತಕದಾಗ ಸುಳ್ಳು ಬರದಾರ" ಅಂದ ಅವ. ಅವನ ಶಂಕು ತೊಗೊಂಡು ಟೇಬಲ್ ಮ್ಯಾಲೆ ಬೋರಲಾಗಿ ಇಟ್ಟು, ಬಾಜೂಕ ಡಬ್ಬಿ ಇಟ್ಟು, ಎರಡರ ಮ್ಯಾಲೆ ಪಟ್ಟಿ ಅಡ್ಡ ಹಾಕಿದ್ರ ಪಟ್ಟಿ ಶಂಕುವಿನ ಕಡೆ ಇಳೀತು. ಓರೆ ಮೈಯನ್ನ 12 ಹಿಡದಿದ್ದ. ಹಂಗ ಮಾಡಿದ್ರ ನೆಟ್ಟನ ಎತ್ತರ 11ಕ್ಕಿಂತ ಜರಾ ಕಡಿಮಿನ ಆಗತದ, ಅದಕ್ಕ ಡಬ್ಬಿಯೊಳಗ ಸುಮಾರು ಒಂದು ಸೆಂ.ಮೀ. ಖಾಲಿ ಉಳೀತು. ಪಟ್ಟಿ ಅಡ್ಡ ಹಾಕೂ ಪರೀಕ್ಷಾ ಪ್ರದರ್ಶನದ ಹಿಂದಿನ ದಿನ ಎಲ್ಲಾ ಶಂಕುವಿಗೂ ಮಾಡಬೇಕಂತ ಬರಕೊಂಡೇವಿ. ಡಬ್ಬಿ ಒತ್ತಿ ಅಂಡಾಕಾರ ಆದ್ರ ಇದರ ಉಲ್ಟಾ ಆಗತದ: ಅದರಾಗ ಹಿಡಿಯೂದು ಕಡಿಮಿ ಆಗಿ ಮೂರನೇದು ಚೆಲ್ಲತದ. ಅದಕ್ಕ ಬಾಯಿಗೆ ಹೊರಗಿನಿಂದ ಒಂದು ಬಳಿ ಹಂಗ ದಪ್ಪ ರಟ್ಟಿನ ಪಟ್ಟಿ ಹಚ್ಚೇವಿ.

ಕಾಳು ಯಾವುದು ಅನ್ನೂದೂ ದೊಡ್ಡ ವಿಷಯ. ನೀರಾದ್ರ ರಟ್ಟು ನೆನೀತದ. ಹಿಟ್ಟು ಒತ್ತಿದಷ್ಟು ಕೂಡತದ. ಜ್ವಾಳದ ಕಾಳು ದಪ್ಪ, ಶಂಕುವಿನ ಚೂಪು ತುದಿಯೊಳಗ ಸರಿಯಾಗಿ ಇಳಿಯೂದಿಲ್ಲ. ಸಾಸಿವಿ ದುಂಡಗ, ಸಣ್ಣಗ, ನೀರಿನಂಗ ಹರೀತದ. ನವಣಿನೂ ನಡೀತದ. ಶಂಕುವಿನ್ಯಾಗ ಹಿಡಿಯೂದು 314 ಮಿ.ಲೀ., ಡಬ್ಬಿಯಾಗ 942. ಒಂದು ಕಿಲೋ ಸಾಸಿವಿ ಇದ್ದರ ಧಾರಾಳ ಆತು. ಶಂಕು ನಿಲ್ಲೂದಿಲ್ಲ, ಅದಕ್ಕ ಲೋಟಾದಾಗ ನಿಲ್ಲಸಬೇಕು. ಎಲ್ಲಾ ಪರಾತದಾಗ ಇಟ್ಟು ಅಳದ್ರ ಚೆಲ್ಲಿದ ಕಾಳು ಅಲ್ಲೇ ಸಿಗತಾವ, ಅವನ್ನ ತಿರಗಿ ಹಾಕೂದು ಮರೀಬಾರದು.

ಇನ್ನ ಅಳತಿಯ ಕೈ. ತಲಿ ಏರಿಸಿ ಹಾಕಿದ ಅಳತಿ ಬ್ಯಾರೆ, ತಲಿ ಸವರಿದ ಅಳತಿ ಬ್ಯಾರೆ, ಇದು ನಿಮಗ ಗೊತ್ತಿದ್ದದ್ದ. ಇಲ್ಲಿ ಮೂರೂ ಸಲ ಪಟ್ಟಿಯಿಂದ ಸವರಬೇಕು. ಮತ್ತ ಡಬ್ಬಿ ಕುಟ್ಟಬಾರದು! ನಾವು ಡಬ್ಬಿಗೆ ಹಿಟ್ಟು ತುಂಬೂವಾಗ ಕುಟ್ಟಿ ಕುಟ್ಟಿ ತುಂಬತೇವಿ, ಅದ ಚಾಳಿ ಇಲ್ಲೂ ಬರತದ. ಕುಟ್ಟಿದ್ರ ಕಾಳು ಕೆಳಗ ಕೂತು ಮ್ಯಾಲೆ ಜಾಗಾ ಉಳೀತದ, ಆಗ ಶಂಕು ಸರಿ ಇದ್ದರೂ ತಪ್ಪಂತ ಕಾಣತದ.

ಮೂರು ಆತು ಅಂತ ಪಾಲಕರು ನೋಡಿದ್ರು, ಆಮ್ಯಾಲೆ ಯಾರರ "ಯಾಕ ಮೂರು? ಅರ್ಧ ಯಾಕಲ್ಲ?" ಅಂದ್ರ? ಹುಡುಗ್ರು ಸೂತ್ರ ಹೇಳತಾರ. ಸೂತ್ರ ಉತ್ತರ ಅಲ್ಲ. ಟೀಚರ್ಗೂ ಇದನ್ನ ಕೈಯಿಂದ ತೋರಸೂದು ಹೆಂಗ ಅಂತ ತಿಳೀಲಿಲ್ಲ. ಅವತ್ತು ರೊಟ್ಟಿ ಅಕ್ಕ ನಮ್ಮ ಮನಿಗೆ ರೊಟ್ಟಿ ಕೊಡಾಕ ಬಂದಾಕಿ ಅಲ್ಲೇ ಕೂತಿದ್ಲು. ನಾ ಸುಮ್ನ ಕೇಳಿದೆ, "ಅಕ್ಕಾ, ಒಂದು ರೊಟ್ಟಿಕಿಂತ ಎರಡು ಪಟ್ಟು ಅಗಲದ ರೊಟ್ಟಿ ಬಡೀಬೇಕು, ಅಷ್ಟ ತೆಳ್ಳಗ. ಎಷ್ಟು ಹಿಟ್ಟು ಬೇಕು?"

"ನಾಕು ಉಂಡಿ ಬೇಕ್ರಿ," ಅಂದ್ಲು. ಜರಾನೂ ಯೋಚನಿ ಮಾಡಲಿಲ್ಲ.

ಅಲ್ಲೇ ಉತ್ತರ ಇತ್ತು. ಶಂಕುವಿನ ನಡುಮಟ್ಟಕ್ಕ, ಅಂದ್ರ 6 ಸೆಂ.ಮೀ. ಎತ್ತರಕ್ಕ, ಅದರ ಅಗಲ ಡಬ್ಬಿಯ ಅರ್ಧ, 5 ಸೆಂ.ಮೀ. ಅಗಲ ಅರ್ಧ ಆದ್ರ ಆ ಮಟ್ಟದಾಗ ಹಿಡಿಯೋ ಕಾಳು ಅರ್ಧ ಅಲ್ಲ, ಕಾಲು. ಒಂದು ದೊಡ್ಡ ರೊಟ್ಟಿಗೆ ನಾಕು ಸಣ್ಣ ರೊಟ್ಟಿ ಹಿಟ್ಟು. ಪಕ್ಕದಿಂದ ನೋಡೂ ತ್ರಿಕೋನಕ್ಕ ಈ ಸುತ್ತಿನ ಲೆಕ್ಕ ಕಾಣೂದಿಲ್ಲ, ಅದಕ್ಕ ಕಣ್ಣು ಅರ್ಧ ಅಂತ ಮೋಸ ಹೋಗತದ. ಟೀಚರ್ ತಟ್ಟನ ಎದ್ದು ನಿಂತ್ರು. ಟೇಬಲ್ ಮ್ಯಾಲೆ 10 ಸೆಂ.ಮೀ. ಅಗಲದ ಒಂದು ಕಣಕದ ಬಿಲ್ಲೆ, ಅದ ದಪ್ಪದ 5 ಸೆಂ.ಮೀ. ಅಗಲದ ನಾಕು ಬಿಲ್ಲೆ, ಒಂದು ತಕ್ಕಡಿ ಇಡೂದಂತ ಅಲ್ಲೇ ಠರಾವು ಆತು.

ಕಾಲು ಅನ್ನೂದು ನಡುಮಟ್ಟದ ಮಾತು ಅಷ್ಟ. ಅರ್ಧಕ್ಕಿಂತ ಕಡಿಮಿ ಯಾಕ ಅಂತ ಅದರಿಂದ ತಿಳೀತದ, ಬರೋಬ್ಬರಿ ಮೂರನೇ ಒಂದು ಯಾಕ ಅನ್ನೂದು ಇನ್ನೂ ಉಳೀತದ. ಅದಕ್ಕ ಎರಡನೇ ಮಾದರಿ: 10 ಸೆಂ.ಮೀ. ಚೌಕದ ಪೆಟ್ಟಿಗಿ, ಒಂದ ಥರದ ಮೂರು ತುಂಡಾಗಿ ಬಿಚ್ಚತದ, ತಿರಗಿ ಕೂಡಸಬಹುದು. ಒಂದೊಂದು ತುಂಡಿಗೆ 10ರ ಚೌಕದ ತಳ, ತುದಿ ಮಾತ್ರ ನಡುವ ಇರೂದಿಲ್ಲ, ಒಂದು ಮೂಲಿ ಮ್ಯಾಲೆ ನೆಟ್ಟಗ ಇರತದ. ಮೈಗೆ 10, 10, 14.1ರ ಎರಡು ತ್ರಿಕೋನ, 10, 14.1, 17.3ರ ಎರಡು. ಚೂಪು ಆಕಾರಕ್ಕ ತಳ ಚೌಕ ಇರಲಿ ದುಂಡಗ ಇರಲಿ, ಅಷ್ಟ ತಳ ಅಷ್ಟ ಎತ್ತರದ ಪೆಟ್ಟಿಗಿಯ ಮೂರನೇ ಒಂದ ಹಿಡೀತದ. ಕೂಡಸೂದು ಮೊದಲ ಸಲ ನನಗ ಹತ್ತು ನಿಮಿಷ ಹಿಡೀತು. ನಮ್ಮ ಮೊಮ್ಮಗ ಒಂದ ನಿಮಿಷದಾಗ ಕೂಡಿಸಿದ.

ಮೂರನೇದು ಹೊರಗ ಅಂಗಳದಾಗ, ಗಂಡಸರ ಸಲವಾಗಿ. ಹನ್ನೆರಡು ಸರಿ ಭಾಗ ಮಾಡಿದ ಹಗ್ಗ, ಮೂರು ಮಂದಿ 3, 4, 5 ಭಾಗಕ್ಕ ಹಿಡದು ಜಗ್ಗಿದ್ರ ಕಾಟಕೋನ ಬರತದ. ನಮ್ಮ ಕಡೆ ಗೌಂಡಿಗಳು ಪಾಯಾ ಹಾಕೂವಾಗ ಇದನ್ನ ಮಾಡತಾರ, ಆ ಹುಡುಗಿ ಅಪ್ಪನೂ ಗೌಂಡಿ ಕೆಲಸದವನ. ಗಂಟು ಹಾಕಿದ್ರ ಗಂಟಿನ್ಯಾಗ ಹಗ್ಗ ಹೋಗಿ ಅಳತಿ ತಪ್ಪತದ, ಬಣ್ಣದ ದಾರ ಸುತ್ತಿ ಗುರ್ತು ಮಾಡಬೇಕು. ಅಂವ ಬರತಾನೋ ಇಲ್ಲೋ ಗೊತ್ತಿಲ್ಲ.

ಮೊದಲ ಟೇಬಲ್ಲಿನ್ಯಾಗ ಅಳಿಯೋಕಿ ಆಗಿ ರೊಟ್ಟಿ ಅಕ್ಕನ್ನ ಕೂಡಸೂಣು ಅಂದೆ. ಟೀಚರ್ ಹಿಂದ ಮುಂದ ನೋಡಿದ್ರು, ಆಕಿನ್ನ ಕೆಲಸಕ್ಕ ಕರದಂಗ ಆಗಬಾರದಲ್ಲ ಅಂತ. ಅದು ಖರೇನ. ಅದಕ್ಕ ಆಕಿನ್ನ ಕೇಳಿದ್ವಿ, ಮಗಳ ಎದುರಿಗೆ. "ಅಳತಿ ಅಂದ್ರ ಬರತೇನ್ರಿ, ಇಂಗ್ಲೀಷ್ ಮಾತಾಡಂತ ಅನಬ್ಯಾಡ್ರಿ" ಅಂದ್ಲು. ಹುಡುಗಿ ನೆಲ ನೋಡಿಕೋತ ನಿಂತಿದ್ಲು. ಆಮ್ಯಾಲೆ, "ನಾಕು ಉಂಡಿದು ನಾ ಹೇಳೂದಿಲ್ಲ, ಅವ್ವನ ಹೇಳಲಿ" ಅಂದ್ಲು. ಸಿಟ್ಟೋ ಏನೋ ತಿಳೀಲಿಲ್ಲ. ಟೀಚರ್ ಹಂಗ ಚೀಟಿಯೊಳಗ ಬರಕೊಂಡ್ರು.

ಸಾಸಿವಿ ಒಂದು ಕಿಲೋ ನಮ್ಮ ಮನಿಯಿಂದ ಆತು. ಸೀರಿ ಡಬ್ಬಿಯ ದಪ್ಪನ ರಟ್ಟು ನಿಮ್ಮ ಮನಿಯಾಗ ಇದ್ದರ ಒಗೀಬ್ಯಾಡ್ರಿ, ಮಡಚಿದ ಗೆರಿ ಇಲ್ಲದ್ದು ನೋಡಿ ಕೊಡ್ರಿ. ಗೆರಿ ಇದ್ದಲ್ಲಿ ಶಂಕು ಕೊಂಕತದ. ಹದಿನೈದನೇ ತಾರೀಕಿನೊಳಗ ತಲುಪಿದ್ರ ಸಾಕು.